ನಾಲ್ಕು ಮನೆಯ ಲೆಕ್ಕ: ಎಕ್ಸ್‌ರೇಯಲ್ಲಿ ಕಲೆ ಕಂಡರೆ ಟಿಬಿ ಇದೆ ಅಂತಲಾ?

(ಆಶಾ ಕಾರ್ಯಕರ್ತೆಯರು, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬೋರ್ಡಿನ ಮೇಲೆ ಬರೆದಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಿಮಗೊಂದು ಪ್ರಶ್ನೆ.

ಊರಿಗೆ ಎಕ್ಸ್‌ರೇ ವ್ಯಾನ್ ಬಂದಿದೆ. ದೊಡ್ಡವರೆಲ್ಲ ಸಾಲಾಗಿ ನಿಂತು ಎದೆಯ ಎಕ್ಸ್‌ರೇ ತೆಗೆಸಿಕೊಂಡಿದ್ದಾರೆ. ಈ ಎಕ್ಸ್‌ರೇ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ನಮಗೆ ಗೊತ್ತಿದೆ. ಶ್ವಾಸಕೋಶದ ಟಿಬಿ ಇರುವ 100 ಜನರಲ್ಲಿ 94 ಜನರನ್ನು ಅದು ಹಿಡಿಯುತ್ತದೆ. ಟಿಬಿ ಇಲ್ಲದ 100 ಜನರಲ್ಲಿ 89 ಜನರಿಗೆ "ಏನೂ ಇಲ್ಲ" ಅಂತ ಸರಿಯಾಗಿ ಹೇಳುತ್ತದೆ. ಈಗ ಒಬ್ಬರ ಎಕ್ಸ್‌ರೇಯಲ್ಲಿ ಕಲೆ ಕಾಣಿಸಿತು. ಅವರಿಗೆ ಟಿಬಿ ಇರುವ ಸಾಧ್ಯತೆ ನೂರಕ್ಕೆ ಎಷ್ಟು?

ಸಭೆಯಲ್ಲಿ ಹೆಚ್ಚಿನವರು 94 ಅಂದರು. ಕೆಲವರು 90 ಅಂದರು. ಹಿಂದೆ ಕೂತಿದ್ದ ಒಬ್ಬರು ಮಾತ್ರ 50 ಅಂದರು. ಸರಿಯಾದ ಉತ್ತರ ಎರಡೂವರೆ. ನೂರಕ್ಕೆ ಎರಡೂವರೆ. ಇದು ಹೇಗೆ ಅನ್ನೋದನ್ನ ಇವತ್ತು ಒಂದು ಚಿಕ್ಕ ಕೋಷ್ಟಕದಲ್ಲಿ ನೋಡೋಣ.

94 ಮತ್ತು 89 ನಾನು ಸುಮ್ನೆ ಹುಟ್ಟಿಸಿದ ಅಂಕಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಟಿಬಿ ತಪಾಸಣೆಯ ಮಾರ್ಗಸೂಚಿ ಹೊರತಂದಿತು. ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ, ಎಕ್ಸ್‌ರೇಯಲ್ಲಿ "ಏನೇ ಕಲೆ ಇದ್ದರೂ" ಅನುಮಾನ ಪಟ್ಟರೆ ಬರುವ ಅಂಕಿಗಳೆಂದು ಅದು ಇವನ್ನೇ ಕೊಟ್ಟಿದೆ. ಇನ್ನು ನಮ್ಮ ದೇಶದಲ್ಲಿ ಟಿಬಿ ಎಷ್ಟಿದೆ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 15 ದಾಟಿದವರ ಪೈಕಿ ಲಕ್ಷಕ್ಕೆ 316 ಜನರಲ್ಲಿ ಶ್ವಾಸಕೋಶದ ಟಿಬಿ ಕಂಡುಬಂತು. ಲೆಕ್ಕ ಸುಲಭವಾಗಲಿ ಅಂತ ಲಕ್ಷಕ್ಕೆ 300 ಅಂತ ಇಟ್ಟುಕೊಳ್ಳೋಣ.

ಈಗ ನಾಲ್ಕು ಮನೆ ಬರೆಯೋಣ. ಚೌಕಾಬಾರದಲ್ಲಿ ಮನೆ ಅಂತೀವಲ್ಲ, ಹಾಗೆ. ಒಂದು ಲಕ್ಷ ಜನರಲ್ಲಿ ಪ್ರತಿಯೊಬ್ಬರೂ ಈ ನಾಲ್ಕರಲ್ಲಿ ಒಂದು ಮನೆಯಲ್ಲಿ ಮಾತ್ರ ಇರುತ್ತಾರೆ.

| | ಟಿಬಿ ಇದೆ | ಟಿಬಿ ಇಲ್ಲ | ಒಟ್ಟು |
|---|---|---|---|
| ಎಕ್ಸ್‌ರೇ ಪಾಸಿಟಿವ್ | 282 | 10,967 | 11,249 |
| ಎಕ್ಸ್‌ರೇ ನೆಗೆಟಿವ್ | 18 | 88,733 | 88,751 |
| ಒಟ್ಟು | 300 | 99,700 | 1,00,000 |

ಇದನ್ನು ತುಂಬಿಸಿದ್ದು ಹೀಗೆ. ಮೊದಲು ಕೆಳಗಿನ ಒಟ್ಟು ಬರೆದೆ: ಟಿಬಿ ಇರುವವರು 300, ಇಲ್ಲದವರು 99,700. ಆಮೇಲೆ 300ರಲ್ಲಿ ನೂರಕ್ಕೆ 94 ಅಂದರೆ 282. ಉಳಿದ 18 ಜನ ಕೈತಪ್ಪಿದರು. ಬಲಗಡೆ 99,700ರಲ್ಲಿ ನೂರಕ್ಕೆ 89 ಅಂದರೆ 88,733. ಉಳಿದ 10,967 ಜನರಿಗೆ ಟಿಬಿ ಇಲ್ಲ, ಆದರೂ ಎಕ್ಸ್‌ರೇ ಅವರನ್ನು ಅನುಮಾನಿಸಿತು.

ಈಗ ಕೋಷ್ಟಕವನ್ನು ಮೇಲಿಂದ ಕೆಳಕ್ಕೆ ಓದಿ. ಎಡ ಕಂಬಸಾಲಿನಲ್ಲಿ ಬರೀ ರೋಗಿಗಳಿದ್ದಾರೆ. ಅವರಲ್ಲಿ ಎಷ್ಟು ಜನ ಸಿಕ್ಕಿಬಿದ್ದರು? 282 ÷ 300, ಅಂದರೆ ನೂರಕ್ಕೆ 94. ಇದೇ ಸೆನ್ಸಿಟಿವಿಟಿ. ಬಲ ಕಂಬಸಾಲಿನಲ್ಲಿ ರೋಗ ಇಲ್ಲದವರು. ಅವರಲ್ಲಿ ಎಷ್ಟು ಜನರನ್ನು ಸರಿಯಾಗಿ ಬಿಟ್ಟುಬಿಟ್ಟಿತು? 88,733 ÷ 99,700, ನೂರಕ್ಕೆ 89. ಇದು ಸ್ಪೆಸಿಫಿಸಿಟಿ. ಕನ್ನಡದಲ್ಲಿ ಸೂಕ್ಷ್ಮತೆ, ನಿರ್ದಿಷ್ಟತೆ ಅಂತ ಬರೆಯುತ್ತಾರೆ. ಯಾವ ಹೆಸರಾದರೂ ಸರಿ, ಇವೆರಡೂ ಕಂಬಸಾಲಿನ ಲೆಕ್ಕ ಅನ್ನೋದು ನೆನಪಿರಲಿ. ರೋಗ ಇದೆಯೋ ಇಲ್ಲವೋ ಅಂತ ಮೊದಲೇ ಗೊತ್ತಿದ್ದು, ಪರೀಕ್ಷೆ ಏನು ಹೇಳಿತು ಅಂತ ಆಮೇಲೆ ಕೇಳುವ ಲೆಕ್ಕ.

ಆದರೆ ವ್ಯಾನಿನಿಂದ ಇಳಿದು ಬಂದ ಮನುಷ್ಯನ ಪ್ರಶ್ನೆ ಬೇರೆ. ತನಗೆ ರೋಗ ಇದೆಯಾ ಅಂತ ಅವನಿಗೆ ಗೊತ್ತಿಲ್ಲ. ಅವನ ಕೈಯಲ್ಲಿರುವುದು ರಿಪೋರ್ಟ್ ಮಾತ್ರ. ಅವನಿಗಾಗಿ ಅಡ್ಡಸಾಲನ್ನು ಓದಬೇಕು. ಪಾಸಿಟಿವ್ ಬಂದವರು ಒಟ್ಟು 11,249. ಅವರಲ್ಲಿ ನಿಜವಾಗಿ ಟಿಬಿ ಇರುವವರು 282. ಭಾಗಿಸಿದರೆ ನೂರಕ್ಕೆ 2.5. ಇದು ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ. ಪಾಸಿಟಿವ್ ಬಂದ 40 ಜನರಲ್ಲಿ ಒಬ್ಬರಿಗೆ ಟಿಬಿ. ಉಳಿದ 39 ಜನರಿಗೆ ಇಲ್ಲ.

ಯಾಕೆ ಹೀಗಾಯಿತು? ಎಕ್ಸ್‌ರೇ ಕೆಟ್ಟದ್ದು ಅಂತಲ್ಲ. ರೋಗ ಇಲ್ಲದವರು ತುಂಬಾ ಜಾಸ್ತಿ ಇದ್ದಾರೆ, ಅಷ್ಟೇ. ಸುಮಾರು ಒಂದು ಲಕ್ಷದಲ್ಲಿ ನೂರಕ್ಕೆ 11 ಜನರ ಮೇಲೆ ತಪ್ಪು ಅನುಮಾನ ಬಂದರೂ ಅದು ಹನ್ನೊಂದು ಸಾವಿರದ ಹತ್ತಿರ ಹೋಗುತ್ತದೆ. ಮುನ್ನೂರು ಜನರಲ್ಲಿ ಎಲ್ಲರೂ ಸಿಕ್ಕರೂ ಅದು ಮುನ್ನೂರೇ.

ಈ 10,967 ಜನ ಯಾರು ಅಂತ ಸ್ವಲ್ಪ ಯೋಚಿಸಿ. ಹಿಂದೆ ಟಿಬಿ ಬಂದು ವಾಸಿಯಾಗಿ, ಎದೆಯಲ್ಲಿ ಹಳೆಯ ಗುರುತು ಉಳಿದವರು ಇರುತ್ತಾರೆ. ಕಲ್ಲು ಕ್ವಾರಿಯಲ್ಲಿ ವರ್ಷಗಟ್ಟಲೆ ದೂಳು ಕುಡಿದವರು ಇರುತ್ತಾರೆ. ಆಗತಾನೆ ನ್ಯುಮೋನಿಯಾದಿಂದ ಎದ್ದವರು, ಬೀಡಿ ಸೇದಿ ಶ್ವಾಸಕೋಶ ಹಾಳಾದವರು ಇರುತ್ತಾರೆ. ಇವರ ಎಕ್ಸ್‌ರೇಯಲ್ಲಿ ಕಲೆ ಇರುವುದು ನಿಜ. ಆದರೆ ಅದು ಟಿಬಿ ಅಲ್ಲ. ಕೈತಪ್ಪಿದ 18 ಜನರದ್ದು ಇದಕ್ಕೆ ತದ್ವಿರುದ್ಧ. ರೋಗ ಈಗಷ್ಟೇ ಶುರುವಾಗಿರಬಹುದು. ಸಣ್ಣ ನೆರಳು ಕೊರಳೆಲುಬಿನ ಹಿಂದೆಯೋ ಹೃದಯದ ನೆರಳಿನ ಹಿಂದೆಯೋ ಅಡಗಿರಬಹುದು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಿಬಿರದಲ್ಲಿ ನಡೆದದ್ದನ್ನು ಹೇಳಬೇಕು. ಕಲ್ಲು ಒಡೆಯುವ ಕೆಲಸದ ಒಬ್ಬರಿಗೆ ಎಕ್ಸ್‌ರೇ ನೋಡಿದ ಕೂಡಲೇ "ನಿಮಗೆ ಟಿಬಿ ಇದೆ" ಅಂತ ಹೇಳಿ ಕಳಿಸಿದರು. ಕಫ ಪರೀಕ್ಷೆ ಆಗಿ ಫಲಿತಾಂಶ ಬರೋ ಹೊತ್ತಿಗೆ ಎರಡು ವಾರ ಆಗಿತ್ತು. ಅದರಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಮನೆಯಲ್ಲಿ ಅವರಿಗೆ ತಟ್ಟೆ ಬೇರೆ, ಲೋಟ ಬೇರೆ, ಮಲಗುವ ಜಾಗವೂ ಬೇರೆ ಆಗಿತ್ತು. ಮೊಮ್ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ನಾನೂ ಆ ಶಿಬಿರದಲ್ಲಿದ್ದೆ. ಆ ದಿನ ನಾವು ಅವರಿಗೆ ಕಂಬಸಾಲಿನ ಅಂಕಿಯನ್ನು ಅಡ್ಡಸಾಲಿನ ಉತ್ತರ ಅಂತ ಹೇಳಿ ಕಳಿಸಿದ್ದೆವು. ಅದಕ್ಕೇ ನಾನು ಈ ಕೋಷ್ಟಕವನ್ನು ಎಲ್ಲಿ ಹೋದರೂ ಬೋರ್ಡಿನ ಮೇಲೆ ಬರೆಯುತ್ತೇನೆ.

ಈಗ ಅದೇ ಎಕ್ಸ್‌ರೇ ಯಂತ್ರವನ್ನು ಬೇರೆ ಕಡೆ ಒಯ್ಯೋಣ. ಊರಿನವರನ್ನೆಲ್ಲ ಕರೆಯುವುದು ಬೇಡ. ಟಿಬಿ ಇದೆ ಅಂತ ಖಚಿತವಾದವರ ಮನೆಯವರನ್ನು ಮಾತ್ರ ಕರೆಯೋಣ. ಒಂದೇ ಸೂರಿನಡಿ ಇರುವವರಲ್ಲಿ ರೋಗ ಜಾಸ್ತಿ ಇರುತ್ತದೆ. ಲೆಕ್ಕಕ್ಕೆ ನೂರಕ್ಕೆ 3 ಅಂತ ಇಟ್ಟುಕೊಳ್ಳಿ. 10,000 ಜನರನ್ನು ನೋಡಿದರೆ ಟಿಬಿ ಇರುವವರು ಮತ್ತೆ ಅದೇ 300.

| | ಟಿಬಿ ಇದೆ | ಟಿಬಿ ಇಲ್ಲ | ಒಟ್ಟು |
|---|---|---|---|
| ಎಕ್ಸ್‌ರೇ ಪಾಸಿಟಿವ್ | 282 | 1,067 | 1,349 |
| ಎಕ್ಸ್‌ರೇ ನೆಗೆಟಿವ್ | 18 | 8,633 | 8,651 |
| ಒಟ್ಟು | 300 | 9,700 | 10,000 |

ಎಡ ಕಂಬಸಾಲು ಒಂದಿಷ್ಟೂ ಬದಲಾಗಿಲ್ಲ ನೋಡಿ. ಸೆನ್ಸಿಟಿವಿಟಿ ಅದೇ 94, ಸ್ಪೆಸಿಫಿಸಿಟಿ ಅದೇ 89. ಬಲ ಕಂಬಸಾಲು ಮಾತ್ರ ಸಣ್ಣದಾಯಿತು. ಈಗ ಅಡ್ಡಸಾಲು ಓದಿ: 282 ÷ 1,349, ನೂರಕ್ಕೆ ಸುಮಾರು 21. ಪಾಸಿಟಿವ್ ಬಂದ ಐದು ಜನರಲ್ಲಿ ಒಬ್ಬರಿಗೆ ಟಿಬಿ. ಮೊದಲು 40ರಲ್ಲಿ ಒಬ್ಬರು, ಈಗ 5ರಲ್ಲಿ ಒಬ್ಬರು. ಯಂತ್ರ ಅದೇ, ಓದಿದ ವೈದ್ಯರೂ ಅವರೇ. ಬದಲಾಗಿದ್ದು ಸಾಲಿನಲ್ಲಿ ನಿಂತವರು.

ಹಾಗಾಗಿ ಯಾರಾದರೂ ನಿಮಗೆ "ಈ ಪರೀಕ್ಷೆಯ ಪ್ರಿಡಿಕ್ಟಿವ್ ವ್ಯಾಲ್ಯೂ 90" ಅಂದರೆ, "ಯಾವ ಜನರಲ್ಲಿ?" ಅಂತ ಕೇಳಿ. ಸಂಶೋಧನೆಯಲ್ಲಿ ಈ ತಪ್ಪು ಆಗಾಗ ಆಗುತ್ತದೆ. ಆಸ್ಪತ್ರೆಯಿಂದ 100 ಟಿಬಿ ರೋಗಿಗಳನ್ನು ಆರಿಸುತ್ತಾರೆ. ಟಿಬಿ ಇಲ್ಲದ 100 ಜನರನ್ನು ಬೇರೆ ಆರಿಸುತ್ತಾರೆ. ಇಬ್ಬರಿಗೂ ಎಕ್ಸ್‌ರೇ ಮಾಡಿದರೆ ಪಾಸಿಟಿವ್ ಮನೆಗಳಲ್ಲಿ 94 ಮತ್ತು 11 ಬರುತ್ತವೆ. 94 ÷ 105, ನೂರಕ್ಕೆ 89.5. ಕಂಬಸಾಲಿನ ಲೆಕ್ಕ ಅಲ್ಲಿ ಸರಿ. ಅಡ್ಡಸಾಲಿನ ಲೆಕ್ಕಕ್ಕೆ ಮಾತ್ರ ಅರ್ಥವೇ ಇಲ್ಲ. ಅರ್ಧದಷ್ಟು ಜನಕ್ಕೆ ಟಿಬಿ ಇರುವ ಊರು ಎಲ್ಲೂ ಇಲ್ಲ. ಆ "ಅರ್ಧ"ವನ್ನು ಸಂಶೋಧಕರೇ ನಿರ್ಧರಿಸಿದ್ದು.

ಈ ಎರಡು ಪದಗಳಿಗೂ ಎಕ್ಸ್‌ರೇಗೂ ಹಳೆಯ ನಂಟಿದೆ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ 1947ರಲ್ಲಿ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎಂಬ ಅಳತೆಗಳನ್ನು ವಿವರಿಸಿದ್ದು ಎದೆಯ ಎಕ್ಸ್‌ರೇ ಬಗ್ಗೆ ಬರೆಯುವಾಗಲೇ. ಒಂದೇ ಚಿತ್ರವನ್ನು ಬೇರೆ ಬೇರೆ ವೈದ್ಯರು ಬೇರೆ ಬೇರೆ ಥರ ಓದುತ್ತಿದ್ದರು. ಅದನ್ನು ಅಳೆಯಲು ಒಂದು ದಾರಿ ಬೇಕಿತ್ತು. ನಮ್ಮಲ್ಲೂ ಈ ಕೆಲಸ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. 60ರ ದಶಕದ ಆರಂಭದಲ್ಲೇ ಅದರ ತಂಡದವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಕ್ಸ್‌ರೇ ತೆಗೆದು ಸಮೀಕ್ಷೆ ಮಾಡಿದ್ದರು.

ಇನ್ನು ಕೆಳಗಿನ ಅಡ್ಡಸಾಲು. ನೆಗೆಟಿವ್ ಬಂದವರು 88,751. ಅವರಲ್ಲಿ ನಿಜವಾಗಿ ಟಿಬಿ ಇಲ್ಲದವರು 88,733. ನೂರಕ್ಕೆ 99.98. ಇದು ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ. ಕೇಳೋಕೆ ತುಂಬಾ ಚೆನ್ನಾಗಿದೆ, ಅಲ್ವಾ? ಇಲ್ಲೇ ನಾವು ಎಚ್ಚರವಾಗಿರಬೇಕು.

ಎಕ್ಸ್‌ರೇ ಬಿಟ್ಟುಬಿಡೋಣ. "ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಕೆಮ್ಮು ಇದೆಯಾ?" ಅಂತ ಒಂದೇ ಪ್ರಶ್ನೆ ಕೇಳೋಣ. ಅದೇ ಮಾರ್ಗಸೂಚಿಯ ಪ್ರಕಾರ ಈ ಪ್ರಶ್ನೆಯ ಸೆನ್ಸಿಟಿವಿಟಿ 42, ಸ್ಪೆಸಿಫಿಸಿಟಿ 94. ಲಕ್ಷ ಜನರ ಊರಿನಲ್ಲಿ ಲೆಕ್ಕ ಹಾಕಿ. 300 ರೋಗಿಗಳಲ್ಲಿ 126 ಜನ ಮಾತ್ರ ಸಿಗುತ್ತಾರೆ. 174 ಜನ "ಕೆಮ್ಮು ಇಲ್ಲ" ಅಂತ ಮನೆಗೆ ಹೋಗುತ್ತಾರೆ. ಅರ್ಧಕ್ಕಿಂತ ಜಾಸ್ತಿ ರೋಗಿಗಳು ಕೈತಪ್ಪಿದರು. ಹಾಗಾದರೆ ನೆಗೆಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಕುಸಿದಿರಬೇಕಲ್ಲ? ಇಲ್ಲ. ಕೆಮ್ಮು ಇಲ್ಲ ಅಂದವರು ಒಟ್ಟು 93,892. ಅವರಲ್ಲಿ ಟಿಬಿ ಇಲ್ಲದವರು 93,718. ನೂರಕ್ಕೆ 99.8.

ಯಾವ ಪರೀಕ್ಷೆಯನ್ನೂ ಮಾಡದೆ, ದಾರಿಯಲ್ಲಿ ಹೋಗುವ ಎಲ್ಲರಿಗೂ "ನಿಮಗೆ ಟಿಬಿ ಇಲ್ಲ" ಅಂತ ಹೇಳಿದರೂ ನೂರಕ್ಕೆ 99.7 ಸಲ ನಮ್ಮ ಮಾತು ಸರಿಯಾಗಿಯೇ ಇರುತ್ತದೆ. ಲಕ್ಷಕ್ಕೆ 300 ಜನಕ್ಕೆ ಮಾತ್ರ ಇರುವ ರೋಗ ಅದು. ಅಪರೂಪದ ರೋಗದಲ್ಲಿ ಈ ಅಂಕಿ ಯಾವಾಗಲೂ ನೂರರ ಹತ್ತಿರವೇ ಇರುತ್ತದೆ. ಅದನ್ನು ನೋಡಿ "ಪರೀಕ್ಷೆ ಚೆನ್ನಾಗಿದೆ" ಅಂತ ಹೇಳಬಾರದು. 99.8 ಮತ್ತು 99.98ರ ನಡುವೆ ಕಾಣುವ ಆ ಸಣ್ಣ ಅಂತರದಲ್ಲಿ 156 ಜನ ರೋಗಿಗಳಿದ್ದಾರೆ. ಅದಕ್ಕೆ ನಾನು ನೂರಕ್ಕೆ ಎಷ್ಟು ಅನ್ನೋದಕ್ಕಿಂತ ಮನೆಯೊಳಗಿನ ತಲೆ ಎಣಿಸಿ ಅಂತ ಹೇಳುತ್ತೇನೆ. 18 ಜನರೋ 174 ಜನರೋ, ಅದನ್ನು ನೋಡಿ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ಎಕ್ಸ್‌ರೇಯಲ್ಲಿ ಏನೇ ಕಲೆ ಕಂಡರೂ ಅನುಮಾನ ಪಡುವುದು ಬಿಟ್ಟು, ಟಿಬಿ ಥರ ಕಾಣುವ ಕಲೆಗೆ ಮಾತ್ರ ಪಾಸಿಟಿವ್ ಅಂದರೆ?" ಒಳ್ಳೆಯ ಪ್ರಶ್ನೆ. ಆಗ ಸೆನ್ಸಿಟಿವಿಟಿ 85ಕ್ಕೆ ಇಳಿಯುತ್ತದೆ, ಸ್ಪೆಸಿಫಿಸಿಟಿ 96ಕ್ಕೆ ಏರುತ್ತದೆ. ಲಕ್ಷ ಜನರಲ್ಲಿ ಸುಮಾರು 7,000 ಜನರನ್ನು ಸುಮ್ನೆ ಕರೆಸುವುದು ತಪ್ಪುತ್ತದೆ. ಅದರ ಜೊತೆ ಇನ್ನೂ 27 ರೋಗಿಗಳು ಕೈತಪ್ಪುತ್ತಾರೆ. ಎರಡರಲ್ಲಿ ಯಾವುದು ಸರಿ ಅಂತ ಕೋಷ್ಟಕ ಹೇಳುವುದಿಲ್ಲ. ಕಫ ಪರೀಕ್ಷೆಗೆ ಎಷ್ಟು ಕಾರ್ಟ್ರಿಡ್ಜ್ ಇವೆ, ಕೈತಪ್ಪಿದವರನ್ನು ಮತ್ತೆ ಹುಡುಕುವ ದಾರಿ ಇದೆಯಾ, ಅದನ್ನು ನೋಡಿ ನಿರ್ಧರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ಪರೀಕ್ಷೆ ಮಾಡುವ ಶಕ್ತಿ ಇರುವ ಕಡೆ ಜಾಸ್ತಿ ಜನರನ್ನು ಕರೆಸುವುದೇ ವಾಸಿ. ಟಿಬಿ ಹರಡುವ ರೋಗ. ಕೈತಪ್ಪಿದ ಒಬ್ಬರಿಂದ ಇನ್ನಷ್ಟು ಜನರಿಗೆ ಬರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯಕ್ಕೆ ಬರುತ್ತೇನೆ. ನಾಲ್ಕು ಮನೆಯಲ್ಲಿ ಎಡಗಡೆ ಕೆಳಗಿನ ಮನೆ, ಆ 18, ಅದನ್ನು ನಾವು ಹೇಗೆ ತಿಳಿದೆವು?

ನಿಜವಾದ ಶಿಬಿರದಲ್ಲಿ ಏನಾಗುತ್ತದೆ ನೋಡಿ. ಎಕ್ಸ್‌ರೇ ಪಾಸಿಟಿವ್ ಬಂದವರ ಕಫ ತೆಗೆದುಕೊಳ್ಳುತ್ತೇವೆ. 11,249 ಜನರಲ್ಲಿ 282 ಜನಕ್ಕೆ ಟಿಬಿ ಅಂತ ಗೊತ್ತಾಗುತ್ತದೆ. ನೆಗೆಟಿವ್ ಬಂದ 88,751 ಜನರನ್ನು ಮನೆಗೆ ಕಳಿಸುತ್ತೇವೆ. ಅವರ ಕಫ ಯಾರೂ ನೋಡುವುದಿಲ್ಲ. ಕೆಳಗಿನ ಸಾಲು ಪೂರ್ತಿ ಖಾಲಿ. ಆ ಖಾಲಿ ಮನೆಯಲ್ಲಿ ಸೊನ್ನೆ ಬರೆದುಬಿಟ್ಟರೆ ಸೆನ್ಸಿಟಿವಿಟಿ 282 ÷ 282, ನೂರಕ್ಕೆ ನೂರು ಆಗಿಬಿಡುತ್ತದೆ! ಹುಡುಕದೆ ಇದ್ದದ್ದಕ್ಕೆ ಬಂದ ನೂರು ಅದು. ಶಿಬಿರದ ವರದಿಯಲ್ಲಿ ಸೆನ್ಸಿಟಿವಿಟಿ ಬರೆದಿದ್ದರೆ, ನೆಗೆಟಿವ್ ಬಂದವರಲ್ಲಿ ಎಷ್ಟು ಜನರ ಕಫ ನೋಡಿದ್ದೀರಿ ಅಂತ ಕೇಳಿ. ಯಾರದ್ದೂ ನೋಡಿಲ್ಲ ಅಂದರೆ, ಆ ವರದಿಯಿಂದ ಲೆಕ್ಕ ಹಾಕಬಹುದಾದದ್ದು ಪಾಸಿಟಿವ್ ಪ್ರಿಡಿಕ್ಟಿವ್ ವ್ಯಾಲ್ಯೂ ಒಂದೇ. ಉಳಿದ ಮೂರನ್ನೂ ಲೆಕ್ಕ ಹಾಕಲು ಬರುವುದಿಲ್ಲ.

ನಾನು ಮೊದಲು ಹೇಳಿದ ರಾಷ್ಟ್ರೀಯ ಸಮೀಕ್ಷೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಪ್ರತಿಯೊಬ್ಬರಿಗೂ ಲಕ್ಷಣಗಳ ಪ್ರಶ್ನೆ ಕೇಳಿದರು, ಎಕ್ಸ್‌ರೇಯನ್ನೂ ತೆಗೆದರು. ಎರಡರಲ್ಲಿ ಯಾವುದಾದರೂ ಒಂದು ಅನುಮಾನ ತಂದರೆ ಕಫ ಪರೀಕ್ಷೆ ಮಾಡಿದರು. ಎಕ್ಸ್‌ರೇ ಇಲ್ಲದಿದ್ದರೆ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 42.6 ಜನ ಕೈತಪ್ಪುತ್ತಿದ್ದರು ಅಂತ ಆ ಸಮೀಕ್ಷೆ ತೋರಿಸಿತು. ಇದು ತುಂಬಾ ದೊಡ್ಡ ಸಂಗತಿ. ಯಾವ ಲಕ್ಷಣವನ್ನೂ ಹೇಳದ ರೋಗಿಗಳು ಅವರು. ಹಾಗಾದರೆ ಲಕ್ಷಣ ಕೇಳುವುದರ ಸೆನ್ಸಿಟಿವಿಟಿ ನೂರಕ್ಕೆ 57.4 ಅನ್ನಬಹುದಾ? "ಹೆಚ್ಚೆಂದರೆ 57.4" ಅನ್ನಬೇಕು. ಲಕ್ಷಣವೂ ಇಲ್ಲದೆ ಎಕ್ಸ್‌ರೇಯಲ್ಲೂ ಏನೂ ಕಾಣದೆ ತಪ್ಪಿಸಿಕೊಂಡವರು ಕೆಲವರು ಇದ್ದೇ ಇರುತ್ತಾರೆ. ಅವರ ಕಫ ನೋಡಿಲ್ಲ. ಅವರನ್ನೂ ಸೇರಿಸಿದರೆ ಭಾಗಿಸುವ ಸಂಖ್ಯೆ ದೊಡ್ಡದಾಗಿ ಸೆನ್ಸಿಟಿವಿಟಿ ಇಳಿಯುತ್ತದೆ. ಬೇರೆ ದೇಶಗಳ ಸಮೀಕ್ಷೆಗಳೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತವೆ. ಆದ್ದರಿಂದ ಎಕ್ಸ್‌ರೇಗೆ ನಾವು ಹಿಡಿದ 94 ಕೂಡ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬಹುದು.

ಕೊನೆಯದಾಗಿ ಕಫ ಪರೀಕ್ಷೆಯ ಹಂತ. ಪಾಸಿಟಿವ್ ಬಂದ 11,249 ಜನರಿಗೆ, ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಮಾಡುತ್ತೇವೆ. ಅದಕ್ಕೂ ಒಂದು ಹೊಸ ಕೋಷ್ಟಕ ಬೇಕು. ಈಗ ಸಾಲಿನಲ್ಲಿ ನಿಂತವರು ಇಡೀ ಊರಿನವರಲ್ಲ, ಎಕ್ಸ್‌ರೇ ಸೋಸಿ ಕೊಟ್ಟವರು. ಅವರಲ್ಲಿ ಟಿಬಿ ನೂರಕ್ಕೆ 2.5. ಲೆಕ್ಕಕ್ಕೆ ಸೆನ್ಸಿಟಿವಿಟಿ 85, ಸ್ಪೆಸಿಫಿಸಿಟಿ 98 ಇಟ್ಟುಕೊಳ್ಳಿ. 282ರಲ್ಲಿ 240 ಜನ ಸಿಗುತ್ತಾರೆ. ಟಿಬಿ ಇಲ್ಲದ 10,967 ಜನರಲ್ಲಿ 219 ಜನಕ್ಕೆ ತಪ್ಪಾಗಿ ಪಾಸಿಟಿವ್ ಬರುತ್ತದೆ. 240 ÷ 459, ನೂರಕ್ಕೆ 52. ಎರಡೂವರೆ ಇದ್ದದ್ದು ಎರಡನೇ ಜರಡಿಯಲ್ಲಿ 52 ಆಯಿತು. ಆದರೆ ಬೆಲೆಯೂ ತೆತ್ತಿದ್ದೇವೆ. ಊರಿನ 300 ರೋಗಿಗಳಲ್ಲಿ ಎರಡೂ ಜರಡಿ ದಾಟಿ ನಮಗೆ ಸಿಕ್ಕವರು 240, ನೂರಕ್ಕೆ 80. ಒಂದರ ಹಿಂದೆ ಒಂದು ಪರೀಕ್ಷೆ ಮಾಡಿದಾಗ ಹೀಗೇ ಆಗುತ್ತದೆ: ಸುಳ್ಳು ಅನುಮಾನ ಕಡಿಮೆಯಾಗುತ್ತದೆ, ಕೈತಪ್ಪಿದವರು ಜಾಸ್ತಿಯಾಗುತ್ತಾರೆ. 52 ಅಂದರೂ ಅರ್ಧದಷ್ಟು ಜನರೇ. ಹಾಗಾಗಿ ಹಿಂದೆ ಟಿಬಿ ಬಂದಿತ್ತಾ, ಕಲೆ ಹಳೆಯದೋ ಹೊಸದೋ ಅಂತ ವೈದ್ಯರು ಕೂತು ನೋಡುವ ಕೆಲಸ ಆಮೇಲೂ ಉಳಿದಿರುತ್ತದೆ.

ಮಾತು ಮುಗಿದ ಮೇಲೆ ಒಬ್ಬ ಹಿರಿಯ ಆಶಾ ಕಾರ್ಯಕರ್ತೆ ಎದ್ದು ನಿಂತರು. "ಸರ್, ಲೆಕ್ಕ ಅರ್ಥ ಆಯ್ತು. ನಾಳೆ ಎಕ್ಸ್‌ರೇಯಲ್ಲಿ ಕಲೆ ಬಂದ ಮನೆಗೆ ನಾನು ಹೋಗಬೇಕು. ಅವರಿಗೆ ಏನಂತ ಹೇಳಲಿ?"

ನಾನು ಹೇಳಿದೆ: "ಅಕ್ಕ, ಹೀಗೆ ಹೇಳಿ. 'ನಿಮ್ಮ ಹಾಗೆ 40 ಜನರನ್ನು ಕರೆದಿದ್ದೀವಿ. ಅವರಲ್ಲಿ ಒಬ್ಬರಿಗೆ ಟಿಬಿ ಇರಬಹುದು. ಅದು ಯಾರು ಅಂತ ತಿಳಿಯೋಕೆ ಕಫ ಕೊಡಿ. ಫಲಿತಾಂಶ ಬರೋವರೆಗೆ ನಿಮಗೆ ಟಿಬಿ ಇದೆ ಅಂತ ಯಾರೂ ಹೇಳಿಲ್ಲ.' ಅದೇ ಮನೆಯಲ್ಲಿ ಈಗಾಗಲೇ ಒಬ್ಬರು ಟಿಬಿಗೆ ಮಾತ್ರೆ ತಗೋತಿದ್ದರೆ, 40 ಅನ್ನಬೇಡಿ, 5 ಅನ್ನಿ. ಅಲ್ಲಿ ಬೆಳಗ್ಗೆಯೇ ಕಫದ ಡಬ್ಬಿ ಕೊಟ್ಟು ಬನ್ನಿ."

ಅವರು ಪುಸ್ತಕದಲ್ಲಿ ಬರೆದುಕೊಂಡರು. ಕೂರಲಿಲ್ಲ. "ಮತ್ತೆ ಆ 18 ಜನ, ಸರ್? ಎಕ್ಸ್‌ರೇ ಚೆನ್ನಾಗಿದೆ ಅಂತ ಮನೆಗೆ ಹೋದವರು?"

ಅವರು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ. ಅದಕ್ಕೇ ಎಕ್ಸ್‌ರೇ ಸರಿಯಾಗಿದೆ ಅಂತ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿ ಅಂದೆ: ಎರಡು ವಾರ ಕೆಮ್ಮು ನಿಲ್ಲದಿದ್ದರೆ, ತೂಕ ಇಳಿದರೆ, ಸಂಜೆ ಜ್ವರ ಬಂದರೆ, ಎಕ್ಸ್‌ರೇ ಹೋದ ತಿಂಗಳಷ್ಟೇ ಆಗಿದೆ ಅಂತ ಸುಮ್ಮನೆ ಕೂರಬೇಡಿ, ಬಂದು ಕಫ ಕೊಡಿ.